ಫೋನಿಗೆ ಲಾಕ್ ಇದೆ, ಸಿಮ್‌ಗೆ?

ಮೊನ್ನೆಯಿಂದ ತಲೆ ಕೆಟ್ಟೋಗಿದೆ. ನಮ್ಮ ಅತ್ತೆ ಮಗನ ಫೋನು ದಾವಣಗೆರೆ ಬಸ್ ಸ್ಟ್ಯಾಂಡಲ್ಲಿ ಕಳುವಾಯ್ತು. "ಬಿಡೋ, ಫಿಂಗರ್‌ಪ್ರಿಂಟ್ ಲಾಕ್ ಇದೆ, ಯಾರಿಗೂ ಓಪನ್ ಮಾಡಕ್ಕಾಗಲ್ಲ, ಬೆಳಗ್ಗೆ ಸ್ಟೇಷನ್‌ಗೆ ಹೋದ್ರಾಯ್ತು" ಅಂತ ಮನೆಯವರೆಲ್ಲ ಅವನಿಗೆ ಸಮಾಧಾನ ಹೇಳಿದ್ರು. ಬೆಳಗ್ಗೆ ಅಷ್ಟರಲ್ಲಿ ಅಕೌಂಟಲ್ಲಿದ್ದ ದುಡ್ಡು ಹೋಗಿತ್ತು.

ಕಳ್ಳ ಫೋನ್ ಓಪನ್ ಮಾಡೋ ಗೋಜಿಗೇ ಹೋಗಿಲ್ಲ ಕಣ್ರೀ. ಪಿನ್ ಚುಚ್ಚಿ ಸಿಮ್ ಹೊರಗೆ ತೆಗೆದು ತನ್ನ ಫೋನಿಗೆ ಹಾಕ್ಕೊಂಡಿದ್ದಾನೆ ಅಷ್ಟೇ. ಆಮೇಲೆ ಒಂದು ಯುಪಿಐ ಆ್ಯಪ್ ಇನ್‌ಸ್ಟಾಲ್ ಮಾಡಿದ್ರೆ, ಅದು ಆ ಸಿಮ್‌ನಿಂದಲೇ ಎಸ್ಎಂಎಸ್ ಕಳಿಸಿ ನಂಬರ್ ಖಚಿತ ಮಾಡ್ಕೊಳ್ಳುತ್ತೆ, ಆ ನಂಬರಿಗೆ ಸೇರಿದ ಅಕೌಂಟ್ ತೋರಿಸುತ್ತೆ. ಹೊಸ ಯುಪಿಐ ಪಿನ್ ಹಾಕೋಕೆ ಡೆಬಿಟ್ ಕಾರ್ಡಿನ ಕೊನೇ ಆರು ನಂಬರು, ಎಕ್ಸ್‌ಪೈರಿ, ಒಟಿಪಿ ಕೇಳುತ್ತೆ. ಕೆಲವು ಬ್ಯಾಂಕು ಎಟಿಎಂ ಪಿನ್ನೂ ಕೇಳ್ತಾವೆ, ಎಲ್ಲಾ ಕೇಳಲ್ಲ. ಒಟಿಪಿ ಬರೋದು ಕಳ್ಳನ ಕೈಲಿರೋ ಸಿಮ್‌ಗೆ. ಕಾರ್ಡು? ಫೋನಿನ ಬ್ಯಾಕ್ ಕವರ್ ಒಳಗೇ ಇತ್ತು. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಇಟ್ಕೊಂಡಿರ್ತೀರ, ದಯವಿಟ್ಟು ಇವತ್ತೇ ತೆಗೀರಿ.

ನನಗೆ ಸಿಟ್ಟು ಬರೋದು ಇಲ್ಲೇ. ಇದನ್ನ ತಡೆಯೋ ಸಿಮ್ ಪಿನ್ ಅನ್ನೋ ಬೀಗ ಪ್ರತಿ ಸಿಮ್ ಒಳಗೂ ಇದೆ, ಅದನ್ನ ಆನ್ ಮಾಡಿಟ್ರೆ ಸಿಮ್ ಬೇರೆ ಫೋನಿಗೆ ಹಾಕಿದಾಗ ಪಿನ್ ಕೇಳುತ್ತೆ, ದುಡ್ಡು ಕೊಡಬೇಕಾಗಿಲ್ಲ, ಆದ್ರೆ ಫೋನ್ ಮಾರೋರಾಗ್ಲಿ ಸಿಮ್ ಕೊಡೋರಾಗ್ಲಿ ಒಂದು ಮಾತು ಹೇಳಲ್ಲ. ಆಂಡ್ರಾಯ್ಡಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ SIM lock ಅಂತ ಹುಡುಕಿ, ಐಫೋನಲ್ಲಿ ಮೊಬೈಲ್ ಡೇಟಾ ಒಳಗೆ SIM PIN ಅಂತಿರುತ್ತೆ. ಆನ್ ಮಾಡುವಾಗ ಈಗಿರೋ ಪಿನ್ ಕೇಳುತ್ತೆ. ಇಲ್ಲಿ ಅಂದಾಜಲ್ಲಿ ಒತ್ತಬೇಡಿ, ಮೂರು ಸಲ ತಪ್ಪಾದ್ರೆ ಸಿಮ್ ಲಾಕ್ ಆಗಿ ಎಂಟು ಅಂಕಿಯ ಪಿಯುಕೆ ಅನ್ನೋ ಅನ್‌ಲಾಕ್ ಕೋಡ್ ಕೇಳುತ್ತೆ, ಅದನ್ನೂ ಹತ್ತು ಸಲ ತಪ್ಪು ಹಾಕಿದ್ರೆ ಆ ಸಿಮ್ ಸತ್ತಂತೆ, ಹೊಸದೇ ತಗೋಬೇಕು. ಕಸ್ಟಮರ್ ಕೇರಿಗೆ ಫೋನ್ ಮಾಡಿ ಡೀಫಾಲ್ಟ್ ಪಿನ್ನೂ ಪಿಯುಕೆನೂ ಕೇಳಿ ಬರ್ಕೊಂಡು ಆಮೇಲೆ ಶುರು ಮಾಡಿ. ಆನ್ ಆದ ಮೇಲೆ ಡೀಫಾಲ್ಟ್ ಪಿನ್ ಬದಲಾಯಿಸಿ, ಇಲ್ದಿದ್ರೆ ಕಳ್ಳನೂ ಮೊದಲು ಒತ್ತೋದು ಅದನ್ನೇ. ಎರಡು ಸಿಮ್ ಇದ್ರೆ ಎರಡಕ್ಕೂ ಬೇರೆ ಬೇರೆ ಹಾಕಬೇಕು. ಒಂದ್ಸಲ ರೀಸ್ಟಾರ್ಟ್ ಮಾಡಿ ಪಿನ್ ಕೇಳುತ್ತಾ ನೋಡಿ.

"ಪ್ರತಿ ಸಲ ಆನ್ ಮಾಡಿದಾಗ್ಲೂ ಪಿನ್ ಹಾಕೋದು ಕಿರಿಕಿರಿ" ಅಂತಾರೆ. ಫೋನ್ ರೀಸ್ಟಾರ್ಟ್ ಆಗೋದೇ ಯಾವಾಗೋ ಒಮ್ಮೆ ರೀ! ರಾತ್ರಿ ಅಪ್‌ಡೇಟ್ ಆಗಿ ತಾನೇ ರೀಸ್ಟಾರ್ಟ್ ಆದ್ರೆ ನೀವು ಪಿನ್ ಹಾಕೋವರೆಗೆ ಕಾಲ್ ಬರಲ್ಲ ಅನ್ನೋದು ನಿಜ. ಅದಕ್ಕೆ ಆಟೋ ರೀಸ್ಟಾರ್ಟ್ ಆಫ್ ಮಾಡಿದ್ರೆ ಆಯ್ತು, ಅದೊಂದು ಕಾರಣಕ್ಕೆ ಬೀಗಾನೇ ಬೇಡ ಅಂತೀರಾ?

ಆದ್ರೆ ಪಿನ್ ಹಾಕ್ಬಿಟ್ರೆ ಎಲ್ಲಾ ಮುಗೀತು ಅಂದ್ಕೋಬೇಡಿ. ಸಿಮ್ ಹೊರಗೆ ತೆಗೀದೆ ಇದ್ರೆ ಅದು ಆಗ್ಲೇ ಓಪನ್ ಆಗಿರುತ್ತೆ, ಲಾಕ್ ಸ್ಕ್ರೀನ್ ಮೇಲೆ ಮೆಸೇಜ್ ಕಾಣಿಸೋ ಹಾಗಿದ್ರೆ ಒಟಿಪಿನೂ ಕಾಣುತ್ತೆ, ಅದನ್ನ ಹೈಡ್ ಮಾಡಿ. ಇನ್ನು ಸಿಮ್ ಸ್ವಾಪ್‌ದು ಬೇರೆಯದೇ ಕಥೆ. ಅಲ್ಲಿ ಮೋಸಗಾರ ನಿಮ್ಮ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತಗೋತಾನೆ, ಇಲ್ಲ ನಿಮ್ಮಿಂದಲೇ ಒಟಿಪಿ ಹೇಳಿಸ್ಕೊಂಡು ಇ-ಸಿಮ್ ಮಾಡ್ಕೋತಾನೆ. ನಿಮ್ಮ ಹಳೇ ಸಿಮ್ಮಿನ ಪಿನ್ ಹಳೇ ಸಿಮ್‌ಗೆ ಮಾತ್ರ, ಹೊಸ ಸಿಮ್‌ಗೆ ಅದು ಅಂಟಿಕೊಳ್ಳಲ್ಲ. ಗುರುತು ಒಂದೇ, ಪಕ್ಕದವರ ಅದೇ ಕಂಪನಿ ಫೋನಿಗೆ ಸಿಗ್ನಲ್ ಇದ್ದು ನಿಮ್ಮದಕ್ಕೆ ಮಾತ್ರ ಪೂರ್ತಿ ಹೋಗಿರುತ್ತೆ, ರೀಸ್ಟಾರ್ಟ್ ಮಾಡಿದ್ರೂ ಬರಲ್ಲ. ಸಿಮ್ ಬದಲಾದ ಮೇಲೆ ಮೊದಲ 24 ಗಂಟೆ ಎಸ್ಎಂಎಸ್ ಬಂದ್ ಇಡಬೇಕು ಅಂತ ನಮ್ಮಲ್ಲಿ ನಿಯಮ ಇದೆ. ಅಂದ್ರೆ ಒಟಿಪಿ ಅವನಿಗೆ ಸಿಗೋ ಮೊದಲು ನಿಮಗೆ ಸಿಗೋ ಟೈಮ್ ಅಷ್ಟೇ, "ನಾಳೆ ನೋಡೋಣ" ಅಂದ್ರೆ ಅದೂ ಹೋಯ್ತು.

ಕಳುವಾದ್ರೂ ಅಷ್ಟೇ, ಮೊದಲು ಯಾರದ್ದಾದ್ರೂ ಫೋನ್ ಇಸ್ಕೊಂಡು ಸಿಮ್ ಬ್ಲಾಕ್ ಮಾಡ್ಸಿ, ನಿಂತ ಜಾಗದಲ್ಲೇ. ಎರಡನೇ ಕಾಲ್ ಬ್ಯಾಂಕಿಗೆ, ಕಾರ್ಡು ಯುಪಿಐ ಎರಡೂ ನಿಲ್ಲಿಸಿ ಅಂತ. ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ಕ್ರೈಮ್ ಸಹಾಯವಾಣಿ 1930. ಸ್ಟೇಷನ್ನು ಇದೆಲ್ಲ ಆದ ಮೇಲೆ. ಕಂಪ್ಲೇಂಟ್ ಕಾಪಿ ಸಿಕ್ಕಿದ ಮೇಲೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಫೋನಿನ ಗುರುತಿನ ನಂಬರ್ ಆದ ಐಎಂಇಐ ಬ್ಲಾಕ್ ಮಾಡಿಸ್ಬಹುದು, ಆ ನಂಬರು ಫೋನಿನ ಬಾಕ್ಸ್ ಮೇಲಿರುತ್ತೆ, ಬಾಕ್ಸ್ ಎಸೆದಿದ್ರೆ ಈಗ್ಲೇ *#06# ಒತ್ತಿ ಬರೆದಿಟ್ಕೊಳ್ಳಿ. ಬರೆದಿದ್ದನ್ನ ಅದೇ ಫೋನಿನ ಗ್ಯಾಲರಿಲಿ ಇಡ್ಬೇಡಿ, ಮನೇಲಿ ಡೈರಿಲಿ ಇಡಿ, ಪಿಯುಕೆ ಪಕ್ಕದಲ್ಲೇ.