ನಳ ಬರುವ ದಿನವೇ ಕರೆಂಟ್ ತೆಗೆಯುವವರಿಗೆ

ರಾತ್ರಿ ಒಂಬತ್ತೂವರೆ. ತೋಳು ಮೇಲೆತ್ತಲು ಆಗುತ್ತಿಲ್ಲ. ಆದರೂ ಸಿಟ್ಟು ಆರುವ ಮೊದಲೇ ಬರೆದುಬಿಡುತ್ತೇನೆ.

ಇವತ್ತು ನಮ್ಮ ಓಣಿಗೆ ನಳ ಬರುವ ದಿನ. ನಾಲ್ಕು ದಿನಕ್ಕೊಮ್ಮೆ, ಬೆಳಗಿನ ಆರಕ್ಕೆ, ಒಂದೂವರೆ ತಾಸು ಎಂಬುದು ಲೆಕ್ಕ. ಇವತ್ತು ಬಂದದ್ದು ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಅದಕ್ಕೆ ಇಪ್ಪತ್ತು ನಿಮಿಷ ಮೊದಲು ಕರೆಂಟ್ ತೆಗೆದಿದ್ದರು. ಸಂಜೆ ಐದರವರೆಗೆ ನಿರ್ವಹಣೆ ಕೆಲಸವಿದೆ ಎಂಬ ಸೂಚನೆ ಮೊಬೈಲಿಗೆ ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ಕೆಳಗೆ ಸಂಪು ತುಂಬುತ್ತಿತ್ತು, ಮಾಳಿಗೆಯ ಮೇಲಿನ ಟ್ಯಾಂಕ್ ಒಣಗಿ ನಿಂತಿತ್ತು. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ವೈನಿ, ಮೊಣಕಾಲು ಸವೆದ ಹೆಂಗಸು, ಸಂಪಿನ ಮುಚ್ಚಳ ತೆಗೆದು ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಸೇದಲು ನಿಂತಿದ್ದರು. ನಾನು ಕಾಲೇಜಿಗೆ ಫೋನ್ ಮಾಡಿ, ಗ್ರಂಥಾಲಯದ ಬಾಗಿಲು ಇನ್ನೊಬ್ಬರು ತೆಗೆಯಲಿ ಎಂದು ಹೇಳಿ, ಅರ್ಧ ದಿನದ ರಜೆ ಹಾಕಿದೆ. ಒಂದು ಕೊಡಕ್ಕೆ 15 ಲೀಟರ್, ಒಂದು ಡ್ರಮ್ಮಿಗೆ 200. ಇಪ್ಪತ್ತಾರು ಮೆಟ್ಟಿಲನ್ನು ಇಬ್ಬರೂ ಸೇರಿ ಹದಿನಾಲ್ಕು ಸಲ ಹತ್ತಿದೆವು. ನಡುವೆ ವೈನಿ ಮೆಟ್ಟಿಲ ಮೇಲೆ ಕುಳಿತು, "ಅಕ್ಕಾ, ನೀರು ಇಲ್ಲದಿದ್ದರೆ ಬೇರೆ ಮಾತು. ಇದ್ದ ನೀರಿಗೆ ಇಷ್ಟು ಸಾಯಬೇಕೇ?" ಎಂದರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ನೀರು ಕಡಿಮೆ ಎಂದು ನಾನು ದೂರುತ್ತಿಲ್ಲ. ನಮ್ಮ ನಳಕ್ಕೆ ಒಂದು ಕೊಡ ತುಂಬಲು ಒಂದು ನಿಮಿಷ ಬೇಕು. ಅಂದರೆ ಒಂದೂವರೆ ತಾಸಿಗೆ ಹೆಚ್ಚೆಂದರೆ 1350 ಲೀಟರ್. ನಮ್ಮವರು ಸೇಡಂನಲ್ಲಿ ಕೆಲಸಕ್ಕಿದ್ದಾರೆ. ಅತ್ತೆ, ನಾನು, ಇಬ್ಬರು ಮಕ್ಕಳು, ವೈನಿ, ಹೀಗೆ ಐದು ಜನ ನಾಲ್ಕು ದಿನ ಇದರಲ್ಲೇ ಕಳೆಯುತ್ತೇವೆ. ತಲೆಗೆ ದಿನಕ್ಕೆ 67 ಲೀಟರ್ ಬರುತ್ತದೆ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ 135 ಲೀಟರ್ ಕೊಡಬೇಕೆಂದು ಸರ್ಕಾರಿ ಮಾನದಂಡವಿದೆ, ನಮಗೆ ಸಿಗುವುದು ಅದರ ಅರ್ಧ. ಆ ಅರ್ಧದಲ್ಲೇ ಸಂಸಾರ ಮಾಡುವುದನ್ನು ಕಲಬುರಗಿಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಪಾಯಖಾನೆಗೆ. ಆದರೆ ನೀರು ಯಾವಾಗ ಬರುತ್ತದೆ, ಕರೆಂಟ್ ಯಾವಾಗ ಹೋಗುತ್ತದೆ ಎಂಬ ಎರಡು ಸಂಗತಿ ಮೊದಲೇ ಗೊತ್ತಿರಬೇಕು. ಒಂದು ತಿಳಿದು ಇನ್ನೊಂದು ತಿಳಿಯದಿದ್ದರೆ ತಿಳಿದದ್ದೂ ಕೆಲಸಕ್ಕೆ ಬರುವುದಿಲ್ಲ.

ಏಕೆಂದು ಹೇಳುತ್ತೇನೆ. ಸಂಪು ರಸ್ತೆಗಿಂತ ಕೆಳಗಿದೆ, ಅದಕ್ಕೆ ನೀರು ತಾನಾಗಿ ಹರಿದು ಬರುತ್ತದೆ, ಕರೆಂಟ್ ಬೇಕಾಗಿಲ್ಲ. ಮೇಲಿನ ಟ್ಯಾಂಕಿಗೆ ಏರಿಸಲು ಮೋಟಾರು ಬೇಕು. ಆದ್ದರಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ: ಕರೆಂಟ್ ಹೋಗುವ ಮೊದಲು ಮೇಲಿನ ಟ್ಯಾಂಕಿನಲ್ಲಿ ನೀರಿರಬೇಕು, ನಳ ಬರುವ ಮೊದಲು ಸಂಪಿನಲ್ಲಿ ಜಾಗವಿರಬೇಕು. ಸರದಿಯ ಹಿಂದಿನ ಸಂಜೆ ಸಂಪಿನಲ್ಲಿ ಉಳಿದದ್ದನ್ನು ಮೇಲೆ ಏರಿಸಿದರೆ ಎರಡೂ ಒಟ್ಟಿಗೆ ಆಗುತ್ತವೆ. ಅರ್ಧ ಎಚ್‌ಪಿ ಮೋಟಾರಿಗೆ ಅದು ಕಾಲು ತಾಸಿನ ಕೆಲಸ. ಮಾರನೆಯ ದಿನ ಎಷ್ಟು ಹೊತ್ತು ಕರೆಂಟ್ ಇಲ್ಲದಿದ್ದರೂ ನಲ್ಲಿ ತಿರುಗಿಸಿದರೆ ನೀರು ಬೀಳುತ್ತದೆ.

ನಿನ್ನೆ ಸಂಜೆ ನಾನು ಹಾಗೆ ಮಾಡಲಿಲ್ಲ. ಬೆಳಿಗ್ಗೆ ಹೊಸ ನೀರು ಬರುತ್ತದೆ, ಆರರಿಂದ ಏಳೂವರೆಯೊಳಗೆ ಟ್ಯಾಂಕೂ ತುಂಬುತ್ತದೆ ಎಂಬ ನಂಬಿಕೆಯಿಂದ, ಉಳಿದ ನೂರಾರು ಲೀಟರಿನಲ್ಲಿ ಹಾಸಿಗೆಯ ಚಾದರಗಳನ್ನು ಒಗೆದುಹಾಕಿದೆ. ಡ್ರಮ್ಮುಗಳನ್ನೂ ಬರಿದುಮಾಡಿ ತಿಕ್ಕಿದೆ. ಅದು ಬಿಡಬಾರದ ಕೆಲಸ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಡ್ರಮ್ಮಿನ ಒಳಗೋಡೆಗೆ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ. ನೀರು ಚೆಲ್ಲಿದರಷ್ಟೇ ಆ ಮೊಟ್ಟೆ ಹೋಗುವುದಿಲ್ಲ, ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ತಾಗಿದಾಗ ಮರಿಯಾಗುತ್ತದೆ. ವಾರಕ್ಕೊಮ್ಮೆಯಾದರೂ ಬ್ರಷ್ ಹಾಕಿ ತಿಕ್ಕಲೇಬೇಕು. ಹಿಂದಿನ ವರ್ಷ ನನ್ನ ಮಗ ಎಂಟು ದಿನ ಜ್ವರದಲ್ಲಿ ಬಿದ್ದಿದ್ದ ಮೇಲೆ ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಹತ್ತರಿಂದ ಐದರವರೆಗೆ ಕರೆಂಟ್ ಇಲ್ಲವೆಂದು ನಿನ್ನೆ ಸಂಜೆಯೇ ಹೇಳಿದ್ದರೆ ಚಾದರ ಒಗೆಯುವುದನ್ನು ಮುಂದೂಡುತ್ತಿದ್ದೆ, ಇನ್ನೂರು ಮುನ್ನೂರು ಲೀಟರ್ ಮೇಲೆ ಏರಿಸಿ ಇಟ್ಟುಕೊಳ್ಳುತ್ತಿದ್ದೆ. ವೈನಿ ಮೆಟ್ಟಿಲು ಹತ್ತಬೇಕಾಗುತ್ತಿರಲಿಲ್ಲ. ಗಿರಣಿಯೂ ಬಂದ್ ಇರುತ್ತದೆ ಎಂದು ಗೊತ್ತಿದ್ದರೆ ಜೋಳವನ್ನು ನಿನ್ನೆಯೇ ಬೀಸಿಸಿ ತರುತ್ತಿದ್ದೆ. ರಾತ್ರಿ ಮಕ್ಕಳಿಗೆ ರೊಟ್ಟಿ ಇಲ್ಲ, ಅನ್ನ ಉಂಡು ಮಲಗಿದ್ದಾರೆ. ಒಂದೇ ಒಂದು ಸಾಲಿನ ಸೂಚನೆ ಹನ್ನೆರಡು ತಾಸು ಮೊದಲು ಬಂದಿದ್ದರೆ ಇಷ್ಟೂ ಉಳಿಯುತ್ತಿತ್ತು.

ಆರರ ನೀರು ಹತ್ತಕ್ಕೆ ಜಾರಿದ್ದಕ್ಕೂ ಕರೆಂಟೇ ಕಾರಣ. ನೀರು ಬಿಡುವವರನ್ನು ಕೇಳಿದೆ. ರಾತ್ರಿ ಪಂಪ್‌ಹೌಸಿನಲ್ಲಿ ಮೂರು ತಾಸು ವಿದ್ಯುತ್ ಇರಲಿಲ್ಲವಂತೆ. ಸರಡಗಿಯಲ್ಲಿ ಭೀಮೆಯಿಂದ ಎತ್ತಿದ ನೀರು ಶುದ್ಧೀಕರಣವಾಗಿ ಊರಿನ ಎತ್ತರದ ಟ್ಯಾಂಕುಗಳನ್ನು ತುಂಬಬೇಕು. ಟ್ಯಾಂಕ್ ತುಂಬದೆ ವಾಲ್ವ್ ತೆರೆದರೆ ಇಳಿಜಾರಿನ ಮನೆಗಳಿಗಷ್ಟೇ ನೀರು ಹೋಗುತ್ತದೆ, ಎತ್ತರದ ಓಣಿಗಳಿಗೆ ಗಾಳಿ ಬರುತ್ತದೆ. ಹಾಗಾಗಿ ಅವರು ಕಾಯುತ್ತಾರೆ, ಮೊದಲ ಓಣಿಯ ಸರದಿ ಜಾರಿದರೆ ಅದರ ಹಿಂದಿನ ಎಲ್ಲ ಓಣಿಗಳದೂ ಜಾರುತ್ತದೆ. ಅವರ ತಪ್ಪಿಲ್ಲ ಎಂದು ಒಪ್ಪುತ್ತೇನೆ. ಆದರೆ ಸರದಿ ಜಾರಿದೆ ಎಂದು ಐದು ಗಂಟೆಗೇ ಗೊತ್ತಿದ್ದವರು ನಮಗೆ ಹೇಳದಿದ್ದದ್ದು ತಪ್ಪು. ಆರರಿಂದ ಹತ್ತರವರೆಗೆ ನಳದ ಬಾಯಿ ನೋಡುತ್ತ ಕುಳಿತ ಹೆಂಗಸರ ನಾಲ್ಕು ತಾಸಿಗೆ ಬೆಲೆ ಇಲ್ಲವೇ?

ಇದನ್ನು ಮಧ್ಯಾಹ್ನ ಸಂಬಂಧಿಕರೊಬ್ಬರಿಗೆ ಹೇಳಿದರೆ, "ಇನ್ವರ್ಟರ್ ಇದೆಯಲ್ಲ, ಅದರ ಮೇಲೆ ಮೋಟಾರು ಹಾಕಬೇಕಿತ್ತು" ಎಂದರು. ಮನೆಗಳಲ್ಲಿ ಫ್ಯಾನು ದೀಪಕ್ಕೆಂದು ಹಾಕಿಸುವ ಸಣ್ಣ ಇನ್ವರ್ಟರಿನ ಮೇಲೆ ಮೋಟಾರು ಏಳುವುದಿಲ್ಲ ಕಾಕಾ. ಅರ್ಧ ಎಚ್‌ಪಿ ಮೋಟಾರು ಓಡುವಾಗ ಎಳೆಯುವುದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚನ್ನು ಏಳುವ ಕ್ಷಣದಲ್ಲಿ ಎಳೆಯುತ್ತದೆ, ಇನ್ವರ್ಟರ್ ಅಲ್ಲಿಯೇ ಕೈಚೆಲ್ಲುತ್ತದೆ. ದೊಡ್ಡದನ್ನು, ಎರಡು ಬ್ಯಾಟರಿಯದನ್ನು ಹಾಕಿಸು ಎನ್ನುವವರು ವೈನಿಯ ತಿಂಗಳ ಪಗಾರ ಎಷ್ಟೆಂದು ಮೊದಲು ಕೇಳಲಿ. ಒಂದು ಸೂಚನೆಗೆ ದುಡ್ಡು ಬೀಳುವುದಿಲ್ಲ, ಬ್ಯಾಟರಿಗೆ ಬೀಳುತ್ತದೆ. ದುಡ್ಡು ಬೀಳದ ದಾರಿಯನ್ನು ಬಿಟ್ಟು ಬೀಳುವ ದಾರಿಯನ್ನು ಬಡವರಿಗೆ ತೋರಿಸುವುದು ನನಗೆ ಸಹಿಸಲಾಗದು.

ಇನ್ನು, ನಿರ್ವಹಣೆ ಕೆಲಸವೇ ಬೇಡವೇ ಎನ್ನುವವರಿದ್ದಾರೆ. ಬೇಕು. ಮಳೆಗಾಲದ ಮೊದಲು ತಂತಿಗೆ ತಾಗುವ ಕೊಂಬೆ ಕಡಿಯದಿದ್ದರೆ ಮೊದಲ ಗಾಳಿಗೇ ಊರು ಕತ್ತಲಾಗುತ್ತದೆ, ಕಂಬ ಹತ್ತುವ ಹುಡುಗರ ಜೀವ ಉಳಿಯಲು ಲೈನ್ ಬಂದ್ ಆಗಲೇಬೇಕು. ಅದೇ ಕೆಲಸವನ್ನು ನಮ್ಮ ಫೀಡರಿನಲ್ಲಿ ನಳ ಬಾರದ ಮೂರು ದಿನಗಳಲ್ಲಿ ಯಾವತ್ತಾದರೂ ಮಾಡಿ ಎನ್ನುತ್ತೇನೆ, ಅಷ್ಟೇ. ಯುಗಾದಿಯಿಂದ ಇವತ್ತಿನವರೆಗೆ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತ ಬಂದಿದ್ದೇನೆ. ನಮ್ಮ ಓಣಿಗೆ 19 ಸರದಿ ನೀರು ಬಂದಿದೆ, ಅದರಲ್ಲಿ 6 ಸರದಿ ಕರೆಂಟ್ ತೆಗೆದ ದಿನವೇ ಬಿದ್ದಿವೆ. ಎರಡೂ ಕಚೇರಿಗಳ ಬಳಿ ತಮ್ಮ ತಮ್ಮ ಪಟ್ಟಿ ಇದೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ತೆರೆದು ನೋಡಿಲ್ಲ.

ಹೀಗೆ ಇಕ್ಕಟ್ಟಿಗೆ ಸಿಕ್ಕಾಗ ಜನ ಏನು ಮಾಡುತ್ತಾರೆ ಎಂದು ನನಗೆ ಗೊತ್ತು, ಏಕೆಂದರೆ ನಾನೇ ಮಾಡಿದ್ದೇನೆ. ಇದುವರೆಗೆ ಯಾರಿಗೂ ಹೇಳಿಲ್ಲ. ಮೂರು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ, ಹನ್ನೊಂದಕ್ಕೆ ಕರೆಂಟ್ ಹೋಗುತ್ತದೆ ಎಂಬ ಭಯಕ್ಕೆ, ನಳದ ಪೈಪಿಗೇ ನೇರವಾಗಿ ಮೋಟಾರು ಹಚ್ಚಿದೆ. ಮುಕ್ಕಾಲು ತಾಸಿನಲ್ಲಿ ಟ್ಯಾಂಕ್ ತುಂಬಿತು. ಓಣಿಯ ಕೊನೆಯ ಮನೆಯ ಅಜ್ಜಿ ಆ ದಿನ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೇ ಬಂದರು. ಅವರ ನೀರನ್ನು ನಾನು ಎಳೆದುಕೊಂಡಿದ್ದೆ, ಅವರಿಗೇ ಎರಡು ಕೊಡ ಕೊಟ್ಟು ಕಳಿಸಿದೆ. ಮೋಟಾರು ಎಳೆದಾಗ ಪೈಪಿನೊಳಗೆ ಒತ್ತಡ ಹೋಗಿ, ಎಲ್ಲಿ ಬಿರುಕಿದೆಯೋ ಅಲ್ಲಿಂದ ಚರಂಡಿಯ ನೀರು ಒಳಗೆ ಬರುತ್ತದೆ. ಮುಂದಿನ ಸರದಿಯ ನೀರಿಗೆ ವಾಸನೆಯಿತ್ತು. ಅದರ ಮೇಲೆ ನಾನು ಆ ಕೆಲಸಕ್ಕೆ ಕೈಹಾಕಿಲ್ಲ. ಇವತ್ತಿಗೂ ಮೊದಲ ಐದು ನಿಮಿಷದ ನೀರನ್ನು ಕುಡಿಯಲು ಹಿಡಿಯುವುದಿಲ್ಲ, ಬೇರೆ ಬಕೆಟ್ಟಿಗೆ ಬಿಟ್ಟು ಅಂಗಳಕ್ಕೆ ಬಳಸುತ್ತೇನೆ.

ಇದೇ ಊರಿನ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ, ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ, ಇಪ್ಪತ್ನಾಲ್ಕು ತಾಸು ನೀರು ಕೊಡಲು ಶುರುಮಾಡಿದರು. ಪೈಪಿನಲ್ಲಿ ಸದಾ ಒತ್ತಡವಿದ್ದರೆ ಹೊಲಸು ಒಳಗೆ ಹೋಗುವುದಿಲ್ಲ, ಡ್ರಮ್ ತುಂಬಿಡುವ ಅಗತ್ಯವೂ ಇಲ್ಲ. ಅದು ನಮ್ಮ ಓಣಿಗೂ ಬರಲಿ, ಬೇಕೇ ಬೇಕು. ಆದರೆ ಅದು ಬರುವವರೆಗೆ ದಿನ ಹೊಂದಿಸಿ ಎಂದು ಕೇಳಲು ಯಾವ ಯೋಜನೆಯೂ ಬೇಕಾಗಿಲ್ಲ.

ಇವತ್ತು ಕರೆಂಟ್ ಬಂದದ್ದು ಐದೂ ಮುಕ್ಕಾಲಿಗೆ. ಮಗಳು ಓಡಿಹೋಗಿ ಮೋಟಾರಿನ ಗುಂಡಿ ಒತ್ತಿದಳು. ಗುಂ ಎಂದು ಮಿಡುಕಿತು, ತಿರುಗಲಿಲ್ಲ. ಕೂಡಲೇ ಬಂದ್ ಮಾಡಿಸಿದೆ. ಕರೆಂಟ್ ಬಂದ ಕ್ಷಣಕ್ಕೆ ಇಡೀ ಓಣಿಯ ಮೋಟಾರು, ಕೂಲರು, ಫ್ರಿಜ್ ಒಟ್ಟಿಗೆ ಎದ್ದು ವೋಲ್ಟೇಜ್ ಬೀಳುತ್ತದೆ. ಆಗ ಮಿಡುಕುವ ಮೋಟಾರನ್ನು ಹಾಗೆಯೇ ಬಿಟ್ಟರೆ ಒಳಗಿನ ವೈಂಡಿಂಗ್ ಸುಡುತ್ತದೆ. ಫ್ಯಾನ್ ಎಂದಿನ ವೇಗಕ್ಕೆ ಬರುವವರೆಗೆ ಕಾದು, ಅರ್ಧ ತಾಸಿನ ಮೇಲೆ ಹಾಕಿದೆವು. ಎರಡು ನಿಮಿಷದೊಳಗೆ ಟ್ಯಾಂಕಿನಲ್ಲಿ ನೀರು ಬೀಳುವ ಸದ್ದು ಕೇಳಬೇಕು, ಇಲ್ಲವಾದರೆ ಮೋಟಾರು ಗಾಳಿ ಹಿಡಿದಿದೆ ಎಂದರ್ಥ. ವೈನಿ ಮೇಲಿನಿಂದಲೇ ಕೂಗಿ ಹೇಳಿದರು, ಬೀಳುತ್ತಿದೆ ಎಂದು.

ಮುಂದಿನ ಸರದಿ ಶುಕ್ರವಾರ. ಆ 6 ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು, ನಾಳೆ ಹತ್ತೂವರೆಗೆ ಎರಡೂ ಕಚೇರಿಗಳಿಗೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರುತ್ತೇನೆ. ನಿಮ್ಮ ಓಣಿಯಲ್ಲೂ ಹೀಗೆ ಒಂದೇ ದಿನ ಬಿದ್ದಿದ್ದರೆ ತಾರೀಖನ್ನು ಇಲ್ಲಿ ಬರೆಯಿರಿ, ಅದೇ ಹಾಳೆಗೆ ಸೇರಿಸುತ್ತೇನೆ. ನಾಳೆ ಬೆಳಿಗ್ಗೆ ಎಂಟೂವರೆಯೊಳಗೆ ಬರೆಯಿರಿ, ಆಮೇಲೆ ರೊಟ್ಟಿಗೆ ಕೂರುತ್ತೇನೆ.