ಎಷ್ಟು ಡಾಲರ್ ಬಂತು ಅಂತ ಮಾತ್ರ ಕೇಳಬೇಡಿ

ನಿನ್ನೆ ರಾತ್ರಿ ಒಂದು ಚಾನೆಲ್‌ನಲ್ಲಿ ಚರ್ಚೆ ನೋಡಿ ತಲೆ ಕೆಟ್ಟುಹೋಯಿತು. ಒಬ್ಬರು "ವಿದೇಶಿ ಹೂಡಿಕೆ ಹರಿದು ಬರ್ತಾ ಇದೆ" ಅಂದರು. ಎದುರು ಕೂತವರು "ವಿದೇಶಿ ಹೂಡಿಕೆದಾರರು ಗಂಟುಮೂಟೆ ಕಟ್ಟಿಕೊಂಡು ಓಡ್ತಾ ಇದ್ದಾರೆ" ಅಂದರು. ಅರ್ಧ ಗಂಟೆ ಕಿತ್ತಾಡಿದರು. ಮೊದಲನೆಯವರ ಕೈಯಲ್ಲಿದ್ದದ್ದು ಎಫ್‌ಡಿಐ, ಅಂದರೆ ವಿದೇಶಿ ನೇರ ಹೂಡಿಕೆಯ ಅಂಕಿ, ಎರಡನೆಯವರದ್ದು ಎಫ್‌ಪಿಐ, ಅಂದರೆ ವಿದೇಶಿ ಪೋರ್ಟ್‌ಫೋಲಿಯೊ ಹೂಡಿಕೆಯ ಅಂಕಿ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಡುವೆ ಕೂತ ಆ್ಯಂಕರ್ ಕೇಳಲೂ ಇಲ್ಲ.

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ನಾನು ಎಷ್ಟು ವರ್ಷ ಕೂತಿದ್ದೆ ಅಂತ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ "ವಿದೇಶಿ ಹೂಡಿಕೆ" ಅಂತ ಚೀಟಿ ಅಂಟಿಸಿದರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಯಾಕೆ ಅಂತ 2013ರ ಕಥೆ ಹೇಳಿದರೆ ಗೊತ್ತಾಗುತ್ತದೆ.

ಮೊದಲು ವ್ಯತ್ಯಾಸ. ವಿದೇಶಿ ಕಂಪನಿ ಇಲ್ಲಿ ಕಾರ್ಖಾನೆ ಕಟ್ಟಿದರೆ, ಅಥವಾ ಷೇರುಪೇಟೆಯಲ್ಲಿ ಪಟ್ಟಿಯಾಗಿರುವ ಕಂಪನಿಯಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ಪಾಲು ಹಿಡಿದರೆ ಅದು ಎಫ್‌ಡಿಐ. ಪಟ್ಟಿಯಾಗದ ಕಂಪನಿಯಲ್ಲಿ ಎಷ್ಟು ಪಾಲು ಕೊಂಡರೂ ಎಫ್‌ಡಿಐ. ವಿದೇಶಿ ಫಂಡ್ ಒಂದು ಪೇಟೆಯಲ್ಲಿ ಶೇ. 10ಕ್ಕಿಂತ ಕಡಿಮೆ ಷೇರು ಕೊಂಡರೆ, ಅಥವಾ ಸರ್ಕಾರದ ಇಲ್ಲವೇ ಕಂಪನಿಗಳ ಬಾಂಡ್ ಕೊಂಡರೆ ಅದು ಎಫ್‌ಪಿಐ. ಒಂದರಲ್ಲಿ ಆಡಳಿತದಲ್ಲಿ ಕೈ ಇರುತ್ತದೆ, ಇನ್ನೊಂದರಲ್ಲಿ ಲಾಭದ ಮೇಲೆ ಕಣ್ಣು ಮಾತ್ರ. ಎರಡೂ ಡಾಲರ್ ತರುತ್ತವೆ. ಆದರೆ ಅವು ಹೊರಗೆ ಹೋಗುವ ರೀತಿಯೇ ಬೇರೆ. ನನ್ನ ತಕರಾರು ಇಷ್ಟೇ: ಬಂದದ್ದನ್ನು ಎಲ್ಲರೂ ಎಣಿಸುತ್ತಾರೆ, ಹೋಗುವ ದಾರಿ ಯಾವುದು ಅಂತ ಯಾರೂ ಕೇಳುವುದಿಲ್ಲ.

ಈಗ 2013. ಅದರ ಹಿಂದಿನ ವರ್ಷ, ಅಂದರೆ 2012-13ರಲ್ಲಿ, ನಮ್ಮ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ. 4.8 ಮುಟ್ಟಿತ್ತು. ಎಣ್ಣೆ, ಚಿನ್ನ ಅಂತ ನಾವು ಹೊರಗೆ ಕೊಡುತ್ತಿದ್ದ ಡಾಲರ್ ನಮ್ಮ ಗಳಿಕೆಗಿಂತ ತುಂಬಾ ಜಾಸ್ತಿ ಇತ್ತು. ಆ ಖಾಲಿ ಜಾಗ ತುಂಬಲು ಯಾರಾದರೂ ಡಾಲರ್ ತರಲೇಬೇಕಿತ್ತು. ಆ ವರ್ಷ ಎಫ್‌ಡಿಐ ಸುಮಾರು 34 ಬಿಲಿಯನ್ ಡಾಲರ್ ಬಂತು, ಷೇರು-ಬಾಂಡ್ ಫಂಡ್‌ಗಳಿಂದ ಸುಮಾರು 27 ಬಿಲಿಯನ್. ಆಗಲೂ ಎರಡನ್ನೂ ಕೂಡಿಸಿ "ಭಾರತದ ಮೇಲೆ ಜಗತ್ತಿಗೆ ಭರವಸೆ" ಅಂತ ಬರೆದವರಿದ್ದರು.

2013ರ ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ಒಂದು ಮಾತು ಹೇಳಿದರು. ಪ್ರತಿ ತಿಂಗಳು 85 ಬಿಲಿಯನ್ ಡಾಲರ್‌ನ ಬಾಂಡ್ ಕೊಳ್ಳುತ್ತಿದ್ದೇವೆ, ಮುಂದಿನ ಕೆಲವು ಸಭೆಗಳಲ್ಲಿ ಅದನ್ನು ಕಡಿಮೆ ಮಾಡಬಹುದು ಅಂತ. ಕಡಿಮೆ ಮಾಡುತ್ತೇವೆ ಅಂತ ಕೂಡ ಅಲ್ಲ, ಮಾಡಬಹುದು ಅಂತ. ಅಷ್ಟಕ್ಕೇ ಅಮೆರಿಕದಲ್ಲಿ ಬಡ್ಡಿ ಏರಲು ಶುರುವಾಯಿತು. ಅಲ್ಲೇ ಒಳ್ಳೆ ಬಡ್ಡಿ ಸಿಗುವಾಗ ಇಲ್ಲಿ ಯಾಕಿರಬೇಕು ಅಂತ ಫಂಡ್‌ಗಳು ನಮ್ಮ ಬಾಂಡ್ ಮಾರತೊಡಗಿದವು. ಷೇರಿಗಿಂತ ಬಾಂಡ್‌ನಿಂದಲೇ ಜಾಸ್ತಿ ಹಣ ಹೋಯಿತು.

ಅದು ನಡೆಯುವ ಬಗೆ ನಾನು ಹತ್ತಿರದಿಂದ ನೋಡಿದ್ದು. ಫಂಡ್ ಬಾಂಡ್ ಮಾರುತ್ತದೆ, ಅದರ ಪರವಾಗಿ ಇಲ್ಲಿ ಖಾತೆ ನೋಡಿಕೊಳ್ಳುವ ಬ್ಯಾಂಕಿಗೆ ರೂಪಾಯಿ ಬರುತ್ತದೆ. ಆ ಬ್ಯಾಂಕು ರೂಪಾಯಿ ಮಾರಿ ಡಾಲರ್ ಕೊಳ್ಳುತ್ತದೆ. ರೂಪಾಯಿ ಸ್ವಲ್ಪ ಇಳಿಯುತ್ತದೆ. ಇನ್ನೂ ಮಾರದೆ ಕೂತ ಫಂಡ್‌ಗೆ ತನ್ನ ಬಾಂಡ್‌ನ ಬೆಲೆ ಡಾಲರ್ ಲೆಕ್ಕದಲ್ಲಿ ಕುಸಿದದ್ದು ಕಾಣುತ್ತದೆ, ಅದೂ ಮಾರುತ್ತದೆ. ಇದನ್ನು ನೋಡಿ ಆಮದುದಾರರು ಮುಂದಿನ ತಿಂಗಳಿಗೆ ಬೇಕಾದ ಡಾಲರ್ ಈಗಲೇ ಕೊಳ್ಳಲು ಓಡಿ ಬರುತ್ತಾರೆ. ರಫ್ತುದಾರರು ಇನ್ನೂ ಏರಲಿ ಅಂತ ತಮ್ಮ ಡಾಲರ್ ಹೊರಗೇ ಇಟ್ಟುಕೊಳ್ಳುತ್ತಾರೆ. ಶುರು ಮಾಡಿದ್ದು ಫಂಡ್‌ಗಳು, ಕುಸಿತವನ್ನು ದೊಡ್ಡದು ಮಾಡಿದ್ದು ನಮ್ಮದೇ ಭಯ. ಮೇ ತಿಂಗಳಲ್ಲಿ 55ರ ಆಸುಪಾಸು ಇದ್ದ ಡಾಲರ್ ಆಗಸ್ಟ್ 28ರಂದು 68.80 ಮುಟ್ಟಿತು. ಅವತ್ತು ಸಂಜೆ ರಿಸರ್ವ್ ಬ್ಯಾಂಕು ಸರ್ಕಾರಿ ಎಣ್ಣೆ ಕಂಪನಿಗಳಿಗೆ ತಾನೇ ನೇರವಾಗಿ ಡಾಲರ್ ಕೊಡುವುದಾಗಿ ಹೇಳಬೇಕಾಯಿತು.

ಪೀಣ್ಯದಲ್ಲಿ ನನ್ನ ತಮ್ಮನದ್ದೊಂದು ಸಣ್ಣ ಕಾರ್ಖಾನೆ. ಪ್ಲಾಸ್ಟಿಕ್ ಬಿಡಿಭಾಗ ಮಾಡುತ್ತಾನೆ, ಕಚ್ಚಾ ಮಾಲು ಹೊರದೇಶದ್ದು. ಆ ವರ್ಷ ಮೇ ಕೊನೆಯಲ್ಲಿ 1 ಲಕ್ಷ ಡಾಲರ್‌ಗೆ 90 ದಿನದ ಎಲ್‌ಸಿ, ಅಂದರೆ ಮಾಲು ಕೊಟ್ಟವರಿಗೆ ದುಡ್ಡು ಸಿಗುತ್ತದೆ ಅನ್ನುವ ಬ್ಯಾಂಕಿನ ಭರವಸೆ ಪತ್ರ, ತೆರೆದಿದ್ದ. ಆಗಿನ ದರ 56, ಅಂದರೆ 56 ಲಕ್ಷ ರೂಪಾಯಿ. ದುಡ್ಡು ಕಟ್ಟುವ ದಿನ ಬಂದಾಗ ದರ 66. ಅದೇ ಮಾಲಿಗೆ 66 ಲಕ್ಷ. ಮಾಲು ಆಗಲೇ ಬಿಡಿಭಾಗವಾಗಿ ಹಳೆ ಬೆಲೆಗೆ ಮಾರಾಟವಾಗಿತ್ತು. 10 ಲಕ್ಷ ಯಾರನ್ನು ಕೇಳುವುದು? ಸಾಲದ್ದಕ್ಕೆ, ರೂಪಾಯಿ ಉಳಿಸಲು ಜುಲೈ ಮಧ್ಯದಲ್ಲೇ ರಿಸರ್ವ್ ಬ್ಯಾಂಕು ತಾನು ಬ್ಯಾಂಕುಗಳಿಗೆ ತುರ್ತಾಗಿ ಕೊಡುವ ಸಾಲದ ಬಡ್ಡಿಯನ್ನು ಶೇ. 10.25ಕ್ಕೆ ಏರಿಸಿತ್ತು. ಸ್ವಲ್ಪ ದಿನಕ್ಕೆ ಅವನ ಓವರ್‌ಡ್ರಾಫ್ಟ್ ಸಾಲದ ಬಡ್ಡಿಯೂ ಏರಿತು. "ಅಕ್ಕಾ, ಅಮೆರಿಕದಲ್ಲಿ ಯಾರೋ ಏನೋ ಮಾತಾಡಿದ್ದಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವರ್ಷ ಅವನ ಮಗಳ ಕಾಲೇಜು ಫೀಸಿಗೆ ಅಮ್ಮನ ಬಳೆ ಅಡವಿಟ್ಟೆವು. ಇದನ್ನು ಎಲ್ಲೂ ಬರೆದಿರಲಿಲ್ಲ, ಇವತ್ತು ಬರೆಯುತ್ತಿದ್ದೇನೆ.

ಈಗ ಇನ್ನೊಂದು ಕಡೆ ನೋಡಿ. ಇದೆಲ್ಲ ನಡೆದ 2013-14ರಲ್ಲಿ ಫಂಡ್‌ಗಳಿಂದ ಬಂದ ಹಣ ಸುಮಾರು 27 ಬಿಲಿಯನ್‌ನಿಂದ 5 ಬಿಲಿಯನ್‌ಗೆ ಬಿತ್ತು. ಎಫ್‌ಡಿಐ? ಸುಮಾರು 34ರಿಂದ 36ಕ್ಕೆ ಏರಿತು. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ ಅಲ್ವಾ, ಬರ್ನಾಂಕಿ ಮಾತು ಕೇಳಿ ಅದರ ಪ್ರೆಸ್ ಯಂತ್ರಗಳನ್ನು ಕಿತ್ತು ಹಡಗಿಗೆ ಹಾಕಲು ಆಗುವುದಿಲ್ಲ. ಷೇರು ಮಾರಿದ ಮರುದಿನ ಈಗ ಹಣ ಕೈಗೆ ಬರುತ್ತದೆ. ಕಾರ್ಖಾನೆ ಮಾರುವುದು ಹಾಗಲ್ಲ. ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಅಂತ ಹೇಳಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಹತ್ತು ವರ್ಷದಲ್ಲಿ 2 ಬಿಲಿಯನ್ ಡಾಲರ್‌ಗೂ ಹೆಚ್ಚು ನಷ್ಟ ತಿಂದ ಮೇಲೆ. ಗುಜರಾತಿನ ಸಾನಂದ್ ಘಟಕ 725.7 ಕೋಟಿ ರೂಪಾಯಿಗೆ ಟಾಟಾ ಕೈಗೆ ಪೂರ್ತಿ ಹೋದದ್ದು 2023ರ ಜನವರಿಯಲ್ಲಿ. ಕಟ್ಟಡ ಉಳಿಯಿತು, ಯಂತ್ರ ಉಳಿಯಿತು, ಅಲ್ಲಿ ಮತ್ತೆ ಕಾರು ತಯಾರಾಗುತ್ತಿದೆ. ಕೆಲಸ ಕಳೆದುಕೊಂಡವರ ನೋವು ಸಣ್ಣದಲ್ಲ, ಅದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಅವರು ಹೋದರು ಅಂತ ರೂಪಾಯಿ ಕುಸಿಯಲಿಲ್ಲ.

ಇಲ್ಲಿ ನನ್ನ ಮಾಜಿ ಸಹೋದ್ಯೋಗಿಗಳು ಕಾಮೆಂಟ್ ಹಾಕುತ್ತಾರೆ ಅಂತ ಗೊತ್ತು. "ಮೇಡಂ, ಎಫ್‌ಪಿಐ ಇಲ್ಲದಿದ್ದರೆ ಪೇಟೆ ಒಣಗುತ್ತದೆ, ಕಂಪನಿಗಳಿಗೆ ಬಂಡವಾಳ ಎಲ್ಲಿಂದ? ಈಗ 2013ರ ಹಾಗೆ ಇಲ್ಲ." ಸ್ವಲ್ಪ ನಿಜ. 2024ರ ಅಕ್ಟೋಬರ್‌ನಲ್ಲಿ ಎಫ್‌ಪಿಐ ಹೂಡಿಕೆದಾರರು ಸುಮಾರು 94,000 ಕೋಟಿ ರೂಪಾಯಿಯ ಷೇರು ಮಾರಿದರು. ಆದರೂ ರೂಪಾಯಿ ಹೆಚ್ಚು ಅಲುಗಾಡಲಿಲ್ಲ. ಆದರೆ ಯಾಕೆ ಅಂತ ಪೂರ್ತಿ ಹೇಳಿ. ಅವರು ಮಾರಿದ್ದನ್ನು ನಮ್ಮ ಮ್ಯೂಚುವಲ್ ಫಂಡ್, ವಿಮಾ ಕಂಪನಿಗಳು ಕೊಂಡವು. ಆ ತಿಂಗಳು ಎಸ್‌ಐಪಿ ಹಣ ಮೊದಲ ಸಲ 25,000 ಕೋಟಿ ದಾಟಿತ್ತು. ಜೊತೆಗೆ ರಿಸರ್ವ್ ಬ್ಯಾಂಕು ತನ್ನ ಮೀಸಲಿನಿಂದ ಡಾಲರ್ ಮಾರಿತು. ಅಂದರೆ ಅವರು ಆರಾಮವಾಗಿ ಹೊರಗೆ ಹೋಗಲು ಬಾಗಿಲು ಹಿಡಿದು ನಿಂತದ್ದು ಸಂಬಳದಲ್ಲಿ ತಿಂಗಳು ತಿಂಗಳು ಉಳಿಸುವ ನಮ್ಮ ಜನ. 2013ರಲ್ಲೂ ಬಿಲ್ ನಮ್ಮದೇ. ಸೆಪ್ಟೆಂಬರ್‌ನಲ್ಲಿ ರಘುರಾಮ್ ರಾಜನ್ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಬಂದ ಮೇಲೆ ಅನಿವಾಸಿ ಭಾರತೀಯರ ಡಾಲರ್ ಠೇವಣಿ ತರಲು ಎಫ್‌ಸಿಎನ್‌ಆರ್ ಯೋಜನೆ ಮಾಡಿದರು. ರೂಪಾಯಿ ಕುಸಿದರೆ ಆಗುವ ನಷ್ಟದ ಹೊರೆಯನ್ನು ರಿಸರ್ವ್ ಬ್ಯಾಂಕು ವರ್ಷಕ್ಕೆ ಶೇ. 3.5ರ ದರಕ್ಕೆ ತಾನೇ ಹೊತ್ತುಕೊಂಡಿತು. ಪೇಟೆ ದರ ಅದಕ್ಕಿಂತ ತುಂಬಾ ಜಾಸ್ತಿ ಇತ್ತು. ಸುಮಾರು 26 ಬಿಲಿಯನ್ ಬಂತು, ರೂಪಾಯಿ ನಿಂತಿತು. ಒಳ್ಳೆ ಕೆಲಸವೇ. ಆದರೆ ಆ ವ್ಯತ್ಯಾಸ ಸಾರ್ವಜನಿಕರ ದುಡ್ಡು.

ಹಾಗಂತ ಎಫ್‌ಡಿಐ ಅಂದ ಕೂಡಲೇ ಚಪ್ಪಾಳೆ ತಟ್ಟುವವರ ಮೇಲೂ ನನಗೆ ಸಿಟ್ಟಿದೆ. ಅದೇ 2024ರ ಅಕ್ಟೋಬರ್‌ನಲ್ಲಿ ಹ್ಯುಂಡೈ ಇಂಡಿಯಾ ಐಪಿಒ ಬಂತು. 27,870 ಕೋಟಿ ರೂಪಾಯಿ, ಅಲ್ಲಿಯವರೆಗೆ ದೇಶದಲ್ಲೇ ದೊಡ್ಡದು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ "ಹ್ಯುಂಡೈಗೆ ಬಂಡವಾಳ ಬಂತು" ಅಂತ ಖುಷಿಯೋ ಖುಷಿ. ಭಾರತದ ಕಂಪನಿಗೆ ಒಂದು ರೂಪಾಯಿಯೂ ಬರಲಿಲ್ಲ. ಕೊರಿಯಾದ ಮೂಲ ಕಂಪನಿ ತನ್ನ ಶೇ. 17.5 ಪಾಲನ್ನು ಮಾರಿತು, ದುಡ್ಡು ಪೂರ್ತಿ ಅದಕ್ಕೇ ಸೇರಿತು. ಚೆನ್ನೈ ಹತ್ತಿರದ ಕಾರ್ಖಾನೆ ಅಲ್ಲೇ ಇದೆ, ಕಾರು ಬರುತ್ತಲೇ ಇದೆ. ಅದರಲ್ಲಿ ತಪ್ಪೇನಿಲ್ಲ, 1990ರ ದಶಕದಲ್ಲಿ ಬಂದು ಕಷ್ಟಪಟ್ಟವರು ಲಾಭ ತೆಗೆಯುತ್ತಾರೆ. ಆದರೆ ನೋಡಿ, ಎಫ್‌ಡಿಐ ಕೂಡ ಹೊರಗೆ ಹೋಗುತ್ತದೆ. ನಿಧಾನವಾಗಿ, ಷೇರುಪೇಟೆ ಏರಿದ ಹೊತ್ತು ನೋಡಿಕೊಂಡು.

ಆ ವರ್ಷ, ಅಂದರೆ 2024-25ರಲ್ಲಿ, ದೇಶಕ್ಕೆ ಬಂದ ಒಟ್ಟು ಎಫ್‌ಡಿಐ ಸುಮಾರು 81 ಬಿಲಿಯನ್ ಡಾಲರ್ ಅಂತ ಜಾಹೀರಾತಿನ ಹಾಗೆ ಎಲ್ಲ ಕಡೆ ಬಂತು. ಈ ಅಂಕಿಯೊಳಗೆ ಇಲ್ಲೇ ಗಳಿಸಿದ ಲಾಭವನ್ನು ಇಲ್ಲೇ ಮರುಹೂಡಿಕೆ ಮಾಡಿದ್ದೂ ಸೇರಿದೆ. ಅದಕ್ಕಾಗಿ ಹೊರಗಿನಿಂದ ಹೊಸ ಡಾಲರ್ ಬಂದಿರುವುದಿಲ್ಲ. ಅದೇ ವರ್ಷ ಹಳೆ ಹೂಡಿಕೆದಾರರು ಪಾಲು ಮಾರಿ ತೆಗೆದುಕೊಂಡು ಹೋದದ್ದು 51 ಬಿಲಿಯನ್‌ಗೂ ಜಾಸ್ತಿ. ನಮ್ಮ ಕಂಪನಿಗಳು ಹೊರದೇಶದಲ್ಲಿ ಹೂಡಿದ್ದು ಬೇರೆ. ಎಲ್ಲ ಕಳೆದು ಉಳಿದದ್ದು ಅರ್ಧ ಬಿಲಿಯನ್‌ಗೂ ಕಡಿಮೆ. 2025ರ ಮೇ ತಿಂಗಳ ರಿಸರ್ವ್ ಬ್ಯಾಂಕ್ ಬುಲೆಟಿನ್‌ನಲ್ಲಿ ಇದು ಇತ್ತು, ಯಾರೂ ಬಚ್ಚಿಟ್ಟಿರಲಿಲ್ಲ.

ಒಟ್ಟು ಅಂಕಿಗೂ ಅದರದ್ದೇ ಉಪಯೋಗ ಇದೆ, ಒಪ್ಪುತ್ತೇನೆ. ಎಷ್ಟು ಹೊಸ ಕಾರ್ಖಾನೆ, ಎಷ್ಟು ಕೆಲಸ ಅಂತ ಅಂದಾಜು ಮಾಡಲು ಅದು ಬೇಕು. ಆದರೆ ನನ್ನ ತಮ್ಮನಂಥವನಿಗೆ ಮುಂದಿನ ಎಲ್‌ಸಿ ತೆರೆಯುವಾಗ ಬೇಕಾದದ್ದು ಉಳಿಕೆಯ ಅಂಕಿ. ಚಾನೆಲ್‌ನಲ್ಲಿ ಕೆಲಸ ಮಾಡುವ ಗೆಳೆಯರು ಈ ಪಟ್ಟಿಯಲ್ಲೂ ಇದ್ದೀರಿ. ಬುಲೆಟಿನ್‌ನಲ್ಲಿ ವಿದೇಶಿ ಹೂಡಿಕೆಯ ಕೋಷ್ಟಕ ಪ್ರತಿ ತಿಂಗಳೂ ಬರುತ್ತದೆ. ಒಟ್ಟು ಬಂದದ್ದು, ವಾಪಸ್ ಹೋದದ್ದು, ನಾವು ಹೊರಗೆ ಹೂಡಿದ್ದು, ಕೊನೆಗೆ ಪೋರ್ಟ್‌ಫೋಲಿಯೊ, ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇದೆ. ಆ ಸಾಲುಗಳನ್ನು ಹಾಗೇ ತೆರೆಯ ಮೇಲೆ ಹಾಕಿ. ಚರ್ಚೆಗೆ ಬಂದವರು ಯಾವ ಸಾಲಿನ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಮೊದಲು ಕೇಳಿ, ಆಮೇಲೆ ಮೈಕ್ ಕೊಡಿ.