ಐದು ಲಕ್ಷ ದಂಡ, ಇಪ್ಪತ್ತು ಸಾವಿರ ತೀರ್ಪು

ನಮ್ಮ ಬದಿಯಡ್ಕ, ಪೆರ್ಲ ಕಡೆ ಕರಾರು ಪತ್ರ ಮಾಡಿಸುವಾಗ ಜನ ನೋಡುವುದು ಎರಡೇ. ಸಹಿ ಎಲ್ಲಿ, ದಂಡ ಎಷ್ಟು. ಉಳಿದದ್ದು ಮಲಯಾಳದಲ್ಲಿದ್ದರೂ ತಲೆಬಿಸಿಯಿಲ್ಲ, ಅಂಕಿ ಓದಲು ಬರುತ್ತದಲ್ವಾ.

ಹತ್ತು ಕ್ವಿಂಟಾಲ್ ಅಡಕೆ, ಕಿಲೋಗೆ 400 ರೂಪಾಯಿ, ತಪ್ಪಿದರೆ ದಂಡ 5 ಲಕ್ಷ ಎಂದು ಬರೆಸುತ್ತಾರೆ ಅಂದುಕೊಳ್ಳಿ. ಮಾಲಿನ ಕ್ರಯವೇ 4 ಲಕ್ಷ. "ಇದು ಸ್ವಲ್ಪ ಜಾಸ್ತಿ ಆಗ್ಲಿಲ್ವಾ ಅಣ್ಣಾ?" ಎಂದು ಕೇಳಿ ನೋಡಿ. "ಹೆದರಿಕೆ ಬೇಕಲ್ಲ ಮಾರಾಯ, ಸೊನ್ನೆಗೇನು ದುಡ್ಡು ಕೊಡ್ಬೇಕಾ?" ಅದೂ ಸರಿಯೇ. ಅಡಕೆಗೆ ಕೊಳೆರೋಗ ಬರುತ್ತದೆ, ಸೊನ್ನೆಗೆ ಯಾವ ರೋಗವೂ ಇಲ್ಲ.

ಮಾಲು ಬರಲಿಲ್ಲ. ಕೊಳ್ಳುವವರು ಪತ್ರ ಹಿಡಿದುಕೊಂಡು ಕೋರ್ಟಿಗೆ ಹೋದರು, 5 ಲಕ್ಷ ಜೇಬಿಗೇ ಬಂದ ಹಾಗೆ. ಅಲ್ಲಿ ಮೊದಲ ಪ್ರಶ್ನೆಯೇ ಎಡವಟ್ಟು: ನಿಮಗೆ ನಷ್ಟ ಎಷ್ಟಾಯ್ತು? ಪತ್ರದಲ್ಲೇ ಬರೆದಿದೆಯಲ್ಲ ಸ್ವಾಮೀ ಎಂದರೆ ನಡೆಯುವುದಿಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ಇಷ್ಟೇ. ನಿಮಗೆ ಸಿಗುವುದು ನ್ಯಾಯವಾದ ಪರಿಹಾರ. ಬರೆದ ಮೊತ್ತ ಅದರ ಮೇಲಿನ ಮಿತಿ, ಅಷ್ಟೇ. ಮಿತಿಯನ್ನೇ ಬಾಕಿ ಅಂತ ವಸೂಲು ಮಾಡಲು ಹೊರಡುವುದು ನಮ್ಮೂರಿನ ಸಂಶೋಧನೆ.

ಹಾಗಾದರೆ ಲೆಕ್ಕ ಹೇಗೆ? 73ನೇ ಸೆಕ್ಷನ್ ಪ್ರಕಾರ ಮಾಲು ಕೊಡಬೇಕಿದ್ದ ದಿನದ ಪೇಟೆ ದರ ನೋಡುತ್ತಾರೆ. ಅವತ್ತು ಕಿಲೋಗೆ 420 ಇದ್ದರೆ, ಬೇರೆಯವರಿಂದ ಕೊಳ್ಳಲು ನಿಮಗೆ ಕಿಲೋ ಮೇಲೆ 20 ರೂಪಾಯಿ ಹೆಚ್ಚು ಬೀಳುತ್ತಿತ್ತು. ಸಾವಿರ ಕಿಲೋಗೆ 20 ಸಾವಿರ. ಲಾರಿ ಬಾಡಿಗೆ ದಂಡವಾಗಿ ಹೋಗಿದ್ದರೆ, ರಸೀದಿ ಇದ್ದರೆ, ಅದನ್ನೂ ಸೇರಿಸಬಹುದು. 5 ಲಕ್ಷದ ಹುಲಿ ಇಷ್ಟೇ.

ಇನ್ನು ಕೆಲವರಿಗೆ ಬುದ್ಧಿ ಜಾಸ್ತಿ. ಅವತ್ತೇ ಬೇರೆ ಕಡೆ ಕೊಳ್ಳದೆ, ದರ ಏರಲಿ, ಏರಿದಷ್ಟೂ ಕೇಸು ಗಟ್ಟಿ ಅಂತ ಸುಮ್ನೆ ಕೂತು 500 ಆದಾಗ ಒಂದು ಲಕ್ಷದ ಲೆಕ್ಕ ಕೊಡುತ್ತಾರೆ. ನಷ್ಟ ತಗ್ಗಿಸಿಕೊಳ್ಳಲು ನೀವೇನು ಮಾಡಬಹುದಿತ್ತು ಎಂಬುದನ್ನೂ ಕೋರ್ಟು ನೋಡುತ್ತದೆ. ಕಾದು ಕೂತದ್ದರ ಖರ್ಚು ನಿಮ್ಮದೇ. ಅಡಕೆ ಬಾರದ್ದರಿಂದ ಮಗಳ ಮನೆ ಒಕ್ಕಲು ಮುಂದಕ್ಕೆ ಹೋಯ್ತು ಎಂಬ ದುಃಖಕ್ಕೂ ದುಡ್ಡಿಲ್ಲ. ಕರಾರು ಮಾಡುವಾಗಲೇ ಅದು ಎದುರಿನವರಿಗೆ ಗೊತ್ತಿರದಿದ್ದರೆ ಅದು ದೂರದ ನಷ್ಟ.

ಹಾಗಂತ ದಂಡದ ಸಾಲು ಪೂರ್ತಿ ದಂಡ ಅಲ್ಲ. ಜಾತ್ರೆಯ ರಾತ್ರಿ ಆಟಕ್ಕೆ ಒಪ್ಪಿಕೊಂಡ ಮೇಳ ಬರಲೇ ಇಲ್ಲ ಅಂದುಕೊಳ್ಳಿ. ಊರ ಸಮಿತಿಗೆ ಆದ ನಷ್ಟವನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಇಂಥ ಕಡೆ, ಮೊದಲೇ ಯೋಚಿಸಿ ಒಂದು ಸಾಧಾರಣ ಮೊತ್ತ ಬರೆದಿದ್ದರೆ, ಪೈಸೆ ಪೈಸೆ ಸಾಬೀತು ಮಾಡದೆಯೂ ಕೋರ್ಟು ಅದನ್ನು ಕೊಡಬಹುದು. ಅಡಕೆಗೆ ಪೇಟೆ ದರ ಇದೆ, ಹಾಗಾಗಿ ನಷ್ಟ ತೋರಿಸಲೇಬೇಕು. 1969ರ ಮೌಲಾ ಬಕ್ಸ್ ಪ್ರಕರಣದಲ್ಲಿ ಸೇನೆಗೆ ಆಲೂಗಡ್ಡೆ, ಮೊಟ್ಟೆ ಒದಗಿಸಬೇಕಿದ್ದ ಗುತ್ತಿಗೆದಾರನ ಠೇವಣಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ದರ ತೋರಿಸಿ ನಷ್ಟ ಸಾಬೀತು ಮಾಡಬಹುದಿತ್ತು, ಮಾಡಲಿಲ್ಲ. ಸುಪ್ರೀಂ ಕೋರ್ಟು ದುಡ್ಡು ವಾಪಸ್ ಮಾಡಿಸಿತು.

ಈ ರೋಗ ನಮ್ಮೂರಿನದ್ದು ಮಾತ್ರ ಎಂದುಕೊಂಡು ನಾಚಿಕೊಳ್ಳಬೇಡಿ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ನಿವೇಶನದ ಹರಾಜಿನಲ್ಲಿ 3.12 ಕೋಟಿಗೆ ಕೂಗಿದವರಿಂದ 78 ಲಕ್ಷ ಕಟ್ಟಿಸಿಕೊಂಡಿತು, ಬಳಿಕ ಅದನ್ನು ಮುಟ್ಟುಗೋಲು ಹಾಕಿ, ಅದೇ ಜಾಗವನ್ನು 11.78 ಕೋಟಿಗೆ ಮಾರಿತು. ಲಾಭ ಮಾಡಿಕೊಂಡು ನಷ್ಟ ಪರಿಹಾರ ಬೇಕೆನ್ನುವ ಧೈರ್ಯ ನಮ್ಮ ಅಡಕೆ ಸಾಹುಕಾರರಿಗೂ ಇಲ್ಲ ಬಿಡಿ. ಕರಾರು ಮುರಿದದ್ದು ಹರಾಜು ಕೂಗಿದವರಲ್ಲ, ಪ್ರಾಧಿಕಾರಕ್ಕೆ ನಷ್ಟವೂ ಆಗಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟು ಆ 78 ಲಕ್ಷವನ್ನು ಶೇ. 9 ಬಡ್ಡಿ ಸೇರಿಸಿ ಕೊಡಿಸಿತು.

ಇಷ್ಟೆಲ್ಲಾ ಕೇಳಿದ ಮೇಲೆ ಈಗ ಸಜ್ಜನರದ್ದು ಇನ್ನೊಂದು ತಮಾಷೆ. "ನಮ್ಮವರೇ ಅಲ್ವಾ, ದಾಕ್ಷಿಣ್ಯಕ್ಕೆ 5 ಸಾವಿರ ದಂಡ ಹಾಕಿ ಸಾಕು" ಅಂತ ಬರೆಸುತ್ತಾರೆ. ಮಿತಿ ಮಿತಿಯೇ. ನಿಜವಾದ ನಷ್ಟ 50 ಸಾವಿರ ಆಗಿ, ಎಲ್ಲಾ ರಸೀದಿ ಜೋಡಿಸಿಕೊಟ್ಟರೂ, ಕೋರ್ಟು 5 ಸಾವಿರ ದಾಟುವುದಿಲ್ಲ.